ಅಜ್ಜಿಗೆ ನಿದ್ದೆ ತರುವ ಮಾತ್ರೆ ಹದಿನೈದರ ಹುಡುಗಿಗೆ ಏನು ಮಾಡುತ್ತದೆ?

"ನಿದ್ದೆ ಮಾತ್ರೆ ತಾನೆ, ವಿಷ ಏನಲ್ಲವಲ್ಲ. ಹೆಚ್ಚೆಂದರೆ ಒಂದು ಒಳ್ಳೆ ನಿದ್ದೆ ಬರುತ್ತೆ, ಬೆಳಿಗ್ಗೆ ಎದ್ದರೆ ಎಲ್ಲ ಸರಿಹೋಗುತ್ತೆ." ಈ ಮಾತನ್ನು ನಾವು ಹಲವರ ಬಾಯಲ್ಲಿ ಕೇಳಿದ್ದೇವೆ. ಮನೆಯಲ್ಲಿ ಯಾರಾದರೂ ಹಿರಿಯರು ದಿನವೂ ಅಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಈ ನಂಬಿಕೆ ಇನ್ನಷ್ಟು ಗಟ್ಟಿಯಾಗುತ್ತದೆ. ಅವರಿಗೆ ಏನೂ ಆಗಿಲ್ಲ, ಹಾಗಾದರೆ ನಮಗೇನಾಗುತ್ತದೆ ಎಂಬ ಲೆಕ್ಕ ಅದು. ಆ ಲೆಕ್ಕ ಎಲ್ಲಿ ತಪ್ಪುತ್ತದೆ ಎಂಬುದನ್ನು ಒಂದು ಕಥೆಯ ಮೂಲಕ ನೋಡೋಣ. ಕಥೆಯ ಜನ ಕಲ್ಪಿತರು. ಆದರೆ ಅದರಲ್ಲಿ ಬರುವ ಔಷಧ, ಅದರ ಪರಿಣಾಮಗಳು, ಆಸ್ಪತ್ರೆಯಲ್ಲಿ ನಡೆಯುವ ಕೆಲಸ ಇವೆಲ್ಲ ವೈದ್ಯಕೀಯಕ್ಕೆ ಚೆನ್ನಾಗಿ ಗೊತ್ತಿರುವ ಸಂಗತಿಗಳೇ.

ಆ ರಾತ್ರಿ ನಡೆದದ್ದು

ನಿಧಿ ಮೈಸೂರಿನ ಹುಡುಗಿ. ವಯಸ್ಸು 15, ಹತ್ತನೇ ತರಗತಿ. ಪೂರ್ವಸಿದ್ಧತಾ ಪರೀಕ್ಷೆ ಹತ್ತಿರ ಬಂದಿತ್ತು. ಶನಿವಾರ ಸಂಜೆ ಗೆಳತಿ ರಚನಾಳ ಮನೆಗೆ ಓದಲು ಹೋದವಳು ಅಲ್ಲೇ ಉಳಿದುಕೊಂಡಳು. ನೆಗಡಿ ಇದ್ದುದರಿಂದ ಅವಳ ತಾಯಿ ಸುಮಾ ಬ್ಯಾಗಿನಲ್ಲಿ ಒಂದು ನೆಗಡಿ ಮಾತ್ರೆ ಇಟ್ಟು ಕಳಿಸಿದ್ದರು. ಊಟವಾದ ಮೇಲೆ ನಿಧಿ ಅದನ್ನು ನುಂಗಿದಳು. ಒಂಬತ್ತೂವರೆಗೆ ಇಬ್ಬರೂ ಒಂದೊಂದು ಲೋಟ ಟೀ ಕುಡಿದು ಓದಲು ಕೂತರು. ಹತ್ತೂವರೆಗೆ ಮ್ಯಾಗಿ ಮಾಡಿಕೊಂಡು ತಿಂದರು.

ಹನ್ನೊಂದು ಗಂಟೆಗೆ ದೀಪ ಆರಿಸಿದರೂ ನಿಧಿಗೆ ನಿದ್ದೆ ಹತ್ತಲಿಲ್ಲ. ಬೇರೆಯವರ ಮನೆ, ಹೊಸ ಹಾಸಿಗೆ, ತಲೆ ತುಂಬ ಗಣಿತ. ಹನ್ನೊಂದೂ ನಲವತ್ತರ ಹೊತ್ತಿಗೆ ರಚನಾ ಎದ್ದುಹೋಗಿ ಅಜ್ಜಿಯ ಔಷಧಿ ಡಬ್ಬಿಯಿಂದ ಒಂದು ಮಾತ್ರೆ ತಂದಳು. "ನಮ್ಮಜ್ಜಿ ದಿನಾ ತಗೋತಾರೆ ಕಣೇ, ಏನೂ ಆಗಲ್ಲ. ಹತ್ತೇ ನಿಮಿಷ, ಹಾಗೇ ನಿದ್ದೆ ಬಂದುಬಿಡುತ್ತೆ" ಅಂದಳು. ನಿಧಿ ನುಂಗಿದಳು. ಮಲಗಲಿಲ್ಲ, ಗೋಡೆಗೊರಗಿ ಮೊಬೈಲ್ ನೋಡುತ್ತಾ ಕೂತಳು. ಹತ್ತು ನಿಮಿಷ ಕಳೆದರೂ ಏನೂ ಆಗದಿದ್ದಾಗ "ಇನ್ನೊಂದು ಕೊಡೇ" ಎಂದಳು. ರಚನಾ ಅಜ್ಜಿ ಎದ್ದುಬಿಡುತ್ತಾರೆಂದು ಹೆದರಿ ಮತ್ತೆ ಹೋಗಲಿಲ್ಲ. ಆ ಹೆದರಿಕೆ ಒಳ್ಳೆಯದನ್ನೇ ಮಾಡಿತು.

ಹನ್ನೆರಡೂ ಕಾಲಕ್ಕೆ ನಿಧಿಯ ಮಾತು ತೊದಲತೊಡಗಿತು. ಗೋಡೆಯ ಮೇಲಿನ ಕ್ಯಾಲೆಂಡರ್ ಉಸಿರಾಡುತ್ತಿದೆ ಎಂದಳು. ಸುಮ್ಮನೆ ನಕ್ಕಳು. ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡ ರಚನಾ ತಾನೂ ನಕ್ಕು, ಮಗ್ಗುಲು ತಿರುಗಿ ನಿದ್ದೆ ಹೋದಳು. ನಿಧಿ ಎದ್ದು ಅಡುಗೆಮನೆಗೆ ಹೋದಳು. ಗ್ಯಾಸ್ ಹಚ್ಚಿ ಖಾಲಿ ಪಾತ್ರೆ ಇಟ್ಟಳು. ಅಲ್ಲಿಂದ ಮಹಡಿ ಮೆಟ್ಟಿಲಿನ ಕಡೆ ನಡೆದಳು.

ಸುಟ್ಟ ವಾಸನೆಗೆ ರಚನಾಳ ತಾಯಿ ಗೀತಾ ಎದ್ದಾಗ ಒಂದು ಗಂಟೆಗೆ ಹತ್ತು ನಿಮಿಷ ಇತ್ತು. ಮೆಟ್ಟಿಲ ಮೊದಲ ತಿರುವಿನಲ್ಲಿ ನಿಧಿ ಕಂಬಿ ಹಿಡಿದು ತೂರಾಡುತ್ತ ನಿಂತಿದ್ದಳು. ಕಣ್ಣು ತೆರೆದಿತ್ತು. ಕೇಳಿದ್ದಕ್ಕೆ ಉತ್ತರವನ್ನೂ ಕೊಟ್ಟಳು, "ಬಸ್ ಬಂತಾ ಆಂಟಿ?" ಎಂದು. ಗೀತಾ ಅವಳನ್ನು ಕೆಳಗೆ ಕರೆತಂದು ಕೂರಿಸಿ, ಸುಮಾಗೆ ಫೋನ್ ಮಾಡಿದರು.

ನಿದ್ದೆಯೂ ಅಲ್ಲದ, ಎಚ್ಚರವೂ ಅಲ್ಲದ ಸ್ಥಿತಿ

ಆ ಮಾತ್ರೆಯ ಹೆಸರು ಜೊಲ್ಪಿಡೆಮ್, 10 ಮಿಲಿಗ್ರಾಂ. ನಿದ್ರಾಹೀನತೆಗೆ ವೈದ್ಯರು ಅಲ್ಪಕಾಲಕ್ಕೆ ಬರೆದುಕೊಡುವ ಔಷಧಗಳಲ್ಲಿ ಇದೂ ಒಂದು.

ನಮ್ಮ ಮಿದುಳಿನಲ್ಲಿ ಗಾಬಾ ಎಂಬ ರಾಸಾಯನಿಕವಿದೆ. ನರಕೋಶಗಳ ಸದ್ದನ್ನು ತಗ್ಗಿಸುವುದು ಅದರ ಕೆಲಸ. ಜೊಲ್ಪಿಡೆಮ್ ಹೋಗಿ ಗಾಬಾ ಕೂರುವ ಜಾಗದ ಪಕ್ಕದಲ್ಲೇ ಅಂಟಿಕೊಂಡು, ಆ ತಗ್ಗಿಸುವ ಕೆಲಸ ಇನ್ನೂ ಜೋರಾಗಿ ನಡೆಯುವಂತೆ ಮಾಡುತ್ತದೆ. ಕತ್ತಲೆ ಕೋಣೆಯಲ್ಲಿ ಕಣ್ಣು ಮುಚ್ಚಿ ಮಲಗಿದವರಿಗೆ ಇದರಿಂದ ನಿದ್ದೆ ಬರುತ್ತದೆ. ಆದರೆ ಔಷಧ ಮಿದುಳಿನ ಎಲ್ಲ ಭಾಗವನ್ನೂ ಒಂದೇ ಹೊತ್ತಿಗೆ, ಒಂದೇ ಪ್ರಮಾಣದಲ್ಲಿ ಮಲಗಿಸುವುದಿಲ್ಲ. ಯೋಚಿಸಿ ತೀರ್ಮಾನಿಸುವ ಭಾಗ, ಹೊಸ ನೆನಪನ್ನು ಬರೆದಿಡುವ ಭಾಗ ಮಂಕಾಗಿರುವಾಗಲೇ, ನಡೆಯುವ, ಮಾತಾಡುವ, ಗ್ಯಾಸ್ ಹಚ್ಚುವ ರೂಢಿಯ ಕೆಲಸಗಳು ನಡೆಯುತ್ತಲೇ ಇರಬಹುದು. ಮಾತ್ರೆ ನುಂಗಿ ಮಲಗದೆ ಮೊಬೈಲ್ ಹಿಡಿದು ಕೂತವರಲ್ಲಿ ಈ ನಡುವಿನ ಸ್ಥಿತಿಗೆ ಹೆಚ್ಚು ಆಸ್ಪದ. ನಿಧಿ ಮೆಟ್ಟಿಲ ಮೇಲೆ ನಿಂತಿದ್ದು ಇದೇ ಸ್ಥಿತಿಯಲ್ಲಿ.

ಇದೇನೂ ಅಪರೂಪದ ಊಹೆಯಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2019ರ ಏಪ್ರಿಲ್‌ನಲ್ಲಿ ಜೊಲ್ಪಿಡೆಮ್ ಮತ್ತು ಅದರ ಗುಂಪಿನ ಇನ್ನೆರಡು ಔಷಧಗಳ ಮೇಲೆ ತನ್ನ ಅತಿ ಗಂಭೀರ ದರ್ಜೆಯ ಎಚ್ಚರಿಕೆಯನ್ನು ಕಡ್ಡಾಯ ಮಾಡಿತು. ಪೂರ್ತಿ ಎಚ್ಚರವಿಲ್ಲದೆ ನಡೆದಾಡಿದ, ಅಡುಗೆ ಮಾಡಿದ, ವಾಹನ ಓಡಿಸಿದವರ 66 ಗಂಭೀರ ಪ್ರಕರಣಗಳು ಅದರ ಮುಂದಿದ್ದವು. ಅವುಗಳಲ್ಲಿ 20 ಮಂದಿ ಸತ್ತಿದ್ದರು. ಬಿದ್ದದ್ದು, ಸುಟ್ಟುಕೊಂಡದ್ದು, ನೀರಿನಲ್ಲಿ ಮುಳುಗಿದ್ದು, ವಾಹನ ಅಪಘಾತ, ಹೀಗಿದ್ದವು ಕಾರಣಗಳು. ಅತಿ ಕಡಿಮೆ ಪ್ರಮಾಣದಲ್ಲಿಯೂ, ಮೊದಲ ಸಲ ತೆಗೆದುಕೊಂಡಾಗಲೂ ಹೀಗಾಗಬಹುದು ಎಂದು ಸಂಸ್ಥೆ ಸ್ಪಷ್ಟವಾಗಿ ಹೇಳಿತು.

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ಬೇರೆ ಕಾಯಿಲೆ ಇಲ್ಲದ ಹದಿಹರೆಯದವರಲ್ಲಿ ಇಂಥ ಒಂದೇ ಮಾತ್ರೆ, ಬೇರೇನೂ ಬೆರೆಯದಿದ್ದರೆ, ಉಸಿರು ನಿಲ್ಲಿಸುವುದು ತೀರಾ ಅಪರೂಪ. ಅಪಾಯ ಇರುವುದು ಮೂರು ಕಡೆ. ಒಂದು, ಎಚ್ಚರವಿಲ್ಲದೆ ಮೆಟ್ಟಿಲು, ಒಲೆ, ಬಾಲ್ಕನಿಗಳ ಹತ್ತಿರ ಓಡಾಡುವುದು. ಎರಡು, ತೂಕಡಿಕೆ ತರುವ ಬೇರೆ ಔಷಧ ಅಥವಾ ಮದ್ಯ ಜೊತೆಗೆ ಸೇರುವುದು. ಮೂರು, ತೆಗೆದುಕೊಂಡದ್ದು ನಿಜಕ್ಕೂ ಒಂದೇ ಮಾತ್ರೆಯೋ ಎಂಬುದು ಯಾರಿಗೂ ಗೊತ್ತಿಲ್ಲದಿರುವುದು.

ಅಜ್ಜಿಯ ಲೆಕ್ಕ ಬೇರೆ

ಸುಮಾ ಒಂದೂ ಕಾಲಕ್ಕೆ ಬಂದರು. ಮಗಳು ಸೋಫಾದ ಮೇಲೆ ಒರಗಿದ್ದಳು, ಕರೆದರೆ ಕಣ್ಣು ಬಿಟ್ಟು ಮತ್ತೆ ಮುಚ್ಚುತ್ತಿದ್ದಳು. ಏನಾಯಿತೆಂದು ಕೇಳಿದರೆ ರಚನಾ "ಏನಿಲ್ಲ ಆಂಟಿ, ನಿದ್ದೆಗಣ್ಣಲ್ಲಿ ಎದ್ದಿದಾಳೆ" ಎಂದಳು. ಗೀತಾ ಗದರಲು ಹೋದರು. ಸುಮಾ ತಡೆದು, "ಯಾರೂ ಬೈಯಲ್ಲ ಪುಟ್ಟಾ. ಏನು ತಗೊಂಡ್ಳು ಅಂತ ಗೊತ್ತಾದ್ರೆ ಡಾಕ್ಟರ್‌ಗೆ ಹೇಳಬಹುದು. ಅದನ್ನ ತಂದು ತೋರ್ಸು ಸಾಕು" ಅಂದರು. ರಚನಾ ಅಳುತ್ತ ಹೋಗಿ ಸ್ಟ್ರಿಪ್ ತಂದಳು.

ಅಷ್ಟರಲ್ಲಿ ಅಜ್ಜಿಯೂ ಎದ್ದು ಬಂದಿದ್ದರು. ಸ್ಟ್ರಿಪ್ ನೋಡಿದ್ದೇ ಅವರು ಕೇಳಿದ ಮೊದಲ ಪ್ರಶ್ನೆ, "ಇಡೀ ಮಾತ್ರೆ ಕೊಟ್ಟೆಯಾ?"

ಅಜ್ಜಿ ತೆಗೆದುಕೊಳ್ಳುತ್ತಿದ್ದುದು ಅರ್ಧ ಮಾತ್ರೆ. ವಯಸ್ಸಾದವರಿಗೆ ಜೊಲ್ಪಿಡೆಮ್ 5 ಮಿಲಿಗ್ರಾಂ ಮೀರಿ ಕೊಡುವುದಿಲ್ಲ, ಹಾಗಾಗಿ ವೈದ್ಯರು 10ರ ಮಾತ್ರೆಯನ್ನು ಎರಡು ಹೋಳು ಮಾಡಿ ನುಂಗಲು ಹೇಳಿದ್ದರು. ಮೊಮ್ಮಗಳು ಡಬ್ಬಿ ನೋಡಿದ್ದಳು, ಮಾತ್ರೆ ನೋಡಿದ್ದಳು, ಮುರಿಯುವುದನ್ನು ನೋಡಿರಲಿಲ್ಲ. ಅಂದರೆ "ಅಜ್ಜಿ ದಿನಾ ತಗೋತಾರೆ" ಎಂದು ಕೊಟ್ಟದ್ದು ಅಜ್ಜಿ ತೆಗೆದುಕೊಳ್ಳುವುದರ ಎರಡು ಪಟ್ಟು.

ಪ್ರಮಾಣ ಒಂದೇ ಆಗಿದ್ದರೂ ಹೋಲಿಕೆ ಸರಿಯಾಗುತ್ತಿರಲಿಲ್ಲ. ಅಜ್ಜಿ ಮಾತ್ರೆ ನುಂಗಿದ ಕೂಡಲೇ ದೀಪ ಆರಿಸಿ ಮಲಗುತ್ತಾರೆ. ಅವರ ಬೇರೆ ಮಾತ್ರೆಗಳೇನೆಂದು ವೈದ್ಯರಿಗೆ ಗೊತ್ತು. ಅಷ್ಟಾದರೂ ಅವರು ನಡುರಾತ್ರಿ ಬಚ್ಚಲಿಗೆ ಎದ್ದಾಗ ಬೀಳುವ ಭಯ ಇದ್ದೇ ಇದೆ. ಹಾಗಾಗಿ ಅವರಿಗೂ ಇದು 'ಏನೂ ಆಗದ' ಮಾತ್ರೆಯಲ್ಲ.

ಮಕ್ಕಳ ವಿಷಯಕ್ಕೆ ಬಂದರೆ, ಜೊಲ್ಪಿಡೆಮ್ 18 ವರ್ಷದೊಳಗಿನವರಿಗೆ ಒಪ್ಪಿಗೆ ಪಡೆದ ಔಷಧವೇ ಅಲ್ಲ. 6ರಿಂದ 17 ವರ್ಷದ, ಗಮನ ಕೊರತೆಯ ತೊಂದರೆಯ ಜೊತೆಗೆ ನಿದ್ರಾಹೀನತೆಯೂ ಇದ್ದ ಮಕ್ಕಳಲ್ಲಿ ಇದನ್ನು ಎಂಟು ವಾರ ಪರೀಕ್ಷಿಸಿ ನೋಡಿದ್ದಾರೆ. ಕೆಲವರಿಗೆ ಜೊಲ್ಪಿಡೆಮ್, ಕೆಲವರಿಗೆ ಔಷಧವೇ ಇಲ್ಲದ ಹುಸಿ ಮಾತ್ರೆ. ಔಷಧ ತೆಗೆದುಕೊಂಡ ಮಕ್ಕಳು ಹುಸಿ ಮಾತ್ರೆಯವರಿಗಿಂತ ಬೇಗ ನಿದ್ದೆ ಹೋಗಲಿಲ್ಲ. ಆದರೆ ಔಷಧದ ಗುಂಪಿನಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ತಲೆಸುತ್ತು ಬಂತು, ನೂರಕ್ಕೆ ಏಳು ಮಂದಿಗೆ ಇಲ್ಲದ್ದು ಕಂಡಿತು. ಹುಸಿ ಮಾತ್ರೆಯ ಗುಂಪಿನಲ್ಲಿ ಹಾಗೆ ಇಲ್ಲದ್ದು ಕಂಡವರು ಒಬ್ಬರೂ ಇರಲಿಲ್ಲ. ನಿಧಿಗೆ ಕ್ಯಾಲೆಂಡರ್ ಉಸಿರಾಡುವಂತೆ ಕಂಡದ್ದು ಇದೇ ಬಗೆಯದು. ನಿದ್ದೆ ಕೊಡುವ ಭರವಸೆಯನ್ನೂ ಉಳಿಸಿಕೊಳ್ಳದೆ, ತೊಂದರೆಯನ್ನು ಮಾತ್ರ ಕೊಟ್ಟ ಔಷಧ ಇದು, ಆ ವಯಸ್ಸಿಗೆ.

ಸ್ಟ್ರಿಪ್ ಎಣಿಸಿದ್ದು

"ಒಂದೇ ಕೊಟ್ಟಿದ್ದು, ಆಣೆಗೂ ಒಂದೇ" ಎಂದು ರಚನಾ ಹೇಳಿದಳು. ಸುಮಾ ನಂಬಿದರೂ ಎಣಿಸಿದರು. ಹತ್ತು ಮಾತ್ರೆಯ ಸ್ಟ್ರಿಪ್. ಅಜ್ಜಿ ಅದನ್ನು ಒಡೆದದ್ದು ಸೋಮವಾರ. ರಾತ್ರಿಗೆ ಅರ್ಧದಂತೆ ಸೋಮವಾರದಿಂದ ಶನಿವಾರದವರೆಗೆ ಆರು ರಾತ್ರಿ, ಅಂದರೆ ಮೂರು ಮಾತ್ರೆ. ಏಳು ಉಳಿದಿರಬೇಕು. ಇದ್ದದ್ದು ಆರು. ಡಬ್ಬಿಯಲ್ಲಿ ಬೇರೆ ಹೋಳು ಬಿದ್ದಿರಲಿಲ್ಲ. ಹಾಗಾಗಿ ಹೋದದ್ದು ಒಂದೇ.

ಎರಡು ನಿಮಿಷದ ಈ ಎಣಿಕೆ ಆ ರಾತ್ರಿಯ ಅತಿ ಮುಖ್ಯ ಪರೀಕ್ಷೆ ಎಂದರೆ ತಪ್ಪಲ್ಲ. ಆಸ್ಪತ್ರೆಗೆ ಹೋದರೆ ಮೂತ್ರ ಅಥವಾ ರಕ್ತ ನೋಡಿ ಎಲ್ಲ ಕಂಡುಹಿಡಿಯುತ್ತಾರೆ ಎಂದು ನಾವು ಅಂದುಕೊಳ್ಳುತ್ತೇವೆ. ಆಸ್ಪತ್ರೆಗಳಲ್ಲಿ ತಕ್ಷಣ ಮಾಡುವ ಸಾಮಾನ್ಯ ಮೂತ್ರ ಪರೀಕ್ಷೆ ಡಯಾಜಿಪಾಮ್‌ನಂಥ ಹಳೆಯ ಗುಂಪಿನ ನಿದ್ದೆ ಮಾತ್ರೆಗಳನ್ನು ಹಿಡಿಯುವಂತೆ ಮಾಡಿದ್ದು. ಜೊಲ್ಪಿಡೆಮ್‌ನ ರಚನೆ ಬೇರೆ, ಅದು ಈ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. ವೈದ್ಯರ ಕೈಗೆ ಸ್ಟ್ರಿಪ್ ಸಿಕ್ಕರೆ ಔಷಧ ಯಾವುದು, ಎಷ್ಟು ಶಕ್ತಿಯದು, ಎಷ್ಟು ಹೋಗಿದೆ ಎಂಬ ಮೂರೂ ಉತ್ತರ ಒಟ್ಟಿಗೆ ಸಿಗುತ್ತವೆ.

ನಾಲ್ಕನೆಯ ಪ್ರಶ್ನೆ, ಎಷ್ಟು ಹೊತ್ತಿಗೆ ಎಂಬುದು. ಜೊಲ್ಪಿಡೆಮ್ ರಕ್ತದಲ್ಲಿ ಅತಿ ಹೆಚ್ಚಿನ ಮಟ್ಟಕ್ಕೆ ಏರಲು ಸುಮಾರು ಒಂದೂವರೆ ಗಂಟೆ ಬೇಕು. ಹೊಟ್ಟೆಯಲ್ಲಿ ಊಟವಿದ್ದರೆ ಇನ್ನೂ ತಡ. "ಇನ್ನೂ ನಿದ್ದೆ ಬಂದಿಲ್ಲ, ಇನ್ನೊಂದು ಕೊಡು" ಎನ್ನುವುದು ಎಷ್ಟು ಕೆಟ್ಟ ಲೆಕ್ಕ ಎಂಬುದು ಇಲ್ಲಿ ಗೊತ್ತಾಗುತ್ತದೆ. ಮೊದಲ ಮಾತ್ರೆ ಇನ್ನೂ ದಾರಿಯಲ್ಲಿರುವಾಗಲೇ ಎರಡನೆಯದು ಹೋಗಿ ಸೇರುತ್ತದೆ. ಇದಕ್ಕೆ ಇನ್ನೊಂದು ಮುಖವೂ ಇದೆ. ನಿಧಿ ನುಂಗಿದ್ದು ಹನ್ನೊಂದೂ ನಲವತ್ತಕ್ಕೆ, ಸುಮಾ ಅವಳನ್ನು ನೋಡಿದ್ದು ಒಂದೂ ಕಾಲಕ್ಕೆ. ಹತ್ತೂವರೆಗೆ ತಿಂದ ಮ್ಯಾಗಿಯನ್ನೂ ಲೆಕ್ಕಕ್ಕೆ ಹಿಡಿದರೆ, ಔಷಧದ ಮಟ್ಟ ಆಗಲೂ ಏರುತ್ತಿದ್ದಿರಬಹುದು. ಆ ಕ್ಷಣದಲ್ಲಿ "ಪರವಾಗಿಲ್ಲ, ಕರೆದರೆ ಕಣ್ಣು ಬಿಡ್ತಾಳೆ" ಎನ್ನಿಸಿದರೆ, ಇನ್ನರ್ಧ ಗಂಟೆ ಬಿಟ್ಟೂ ಹಾಗೇ ಇರುತ್ತಾಳೆ ಎಂದು ಹೇಳುವಂತಿಲ್ಲ.

ಆಗ ಸುಮಾಗೆ ಬ್ಯಾಗಿನಲ್ಲಿಟ್ಟಿದ್ದ ನೆಗಡಿ ಮಾತ್ರೆ ನೆನಪಾಯಿತು. ಅದರ ಹಿಂಬದಿಯಲ್ಲಿ ಬರೆದಿದ್ದು ಪ್ಯಾರಾಸಿಟಮಾಲ್ ಮತ್ತು ಕ್ಲೋರ್‌ಫೆನಿರಮೈನ್. ಎರಡನೆಯದು ಮೂಗು ಸೋರುವುದನ್ನು ನಿಲ್ಲಿಸುವ, ಜೊತೆಗೆ ತೂಕಡಿಕೆಯನ್ನೂ ತರುವ ಔಷಧ. ನಿದ್ದೆ ಮಾತ್ರೆಯ ಜೊತೆ ಸೇರಿದರೆ ಮಂಪರು ಹೆಚ್ಚುತ್ತದೆ. ಮಕ್ಕಳ ದೇಹಕ್ಕೆ ಹೀಗೆ ಎರಡು ಮಂಪರಿನ ಔಷಧ ಸೇರುವುದು ಹೆಚ್ಚಾಗಿ ಯಾರ ಗಮನಕ್ಕೂ ಬಾರದೆ, ನೆಗಡಿ ಮಾತ್ರೆ, ಕೆಮ್ಮಿನ ಸಿರಪ್, ಪ್ರಯಾಣದ ವಾಂತಿಗೆ ಕೊಡುವ ಮಾತ್ರೆ ಇವುಗಳ ಮೂಲಕ. ಸುಮಾ ಆ ಸ್ಟ್ರಿಪ್ಪನ್ನೂ ಕೈಚೀಲಕ್ಕೆ ಹಾಕಿಕೊಂಡರು.

"ಮಲಗಲಿ ಬಿಡಿ" ಎನ್ನುವ ಮೊದಲು

ಮಲಗಿ ಎದ್ದರೆ ಇಳಿದುಹೋಗುತ್ತದೆ ಎಂಬ ಮಾತು ಆ ಮನೆಯಲ್ಲೂ ಬಂತು. ಸಹಜ ನಿದ್ದೆ ಮತ್ತು ಔಷಧದ ಮಂಪರು ನೋಡಲು ಒಂದೇ ಥರ ಇರುವುದೇ ತೊಡಕು. ಸಹಜವಾಗಿ ನಿದ್ದೆ ಮಾಡುವವರನ್ನು ಎಬ್ಬಿಸಿದರೆ ಸಿಡುಕಿದರೂ ಪೂರ್ತಿ ಎಚ್ಚರವಾಗುತ್ತಾರೆ. ತಾವು ಎಲ್ಲಿದ್ದೇವೆ, ನೀವು ಯಾರು ಎಂಬುದನ್ನು ಹೇಳುತ್ತಾರೆ. ಉಸಿರುಗಟ್ಟುವ ಹಾಗಾದರೆ ತಾವೇ ಮಗ್ಗುಲಾಗುತ್ತಾರೆ, ಕೆಮ್ಮುತ್ತಾರೆ. ಗಾಢ ಮಂಪರಿನಲ್ಲಿ ಈ ರಕ್ಷಣೆಗಳು ಕುಂದುತ್ತವೆ. ಅಂಗಾತ ಮಲಗಿದ್ದಾಗ ನಾಲಿಗೆ ಹಿಂದಕ್ಕೆ ಜಾರಿದರೆ ಅಥವಾ ವಾಂತಿಯಾದರೆ ಉಸಿರಿನ ದಾರಿ ಮುಚ್ಚಬಹುದು.

ಹೆಸರು ಹಿಡಿದು ಜೋರಾಗಿ ಕರೆಯಿರಿ, ಭುಜ ತಟ್ಟಿ. ಎಚ್ಚರವಾಗಿ ಅರ್ಥವಾಗುವಂತೆ ಉತ್ತರ ಕೊಡುತ್ತಾರೆಯೇ ನೋಡಿ. ಎದೆ ಏರಿಳಿಯುವುದನ್ನು ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಿ. ಈ ವಯಸ್ಸಿನಲ್ಲಿ ವಿಶ್ರಾಂತಿಯಲ್ಲಿದ್ದಾಗ ನಿಮಿಷಕ್ಕೆ 12ರಿಂದ 20 ಉಸಿರು ಸಾಮಾನ್ಯ. ಎಣಿಕೆ ಹತ್ತಕ್ಕಿಂತ ಕೆಳಗಿದ್ದರೆ, ಉಸಿರಿನ ನಡುವೆ ಉದ್ದನೆಯ ವಿರಾಮ ಬರುತ್ತಿದ್ದರೆ, ಗಂಟಲಲ್ಲಿ ಗೊರಗೊರ ಸದ್ದಿದ್ದರೆ, ತುಟಿ ನೀಲಿಗಟ್ಟುತ್ತಿದ್ದರೆ ಅಥವಾ ತಟ್ಟಿದರೂ ಎಚ್ಚರವಾಗದಿದ್ದರೆ ತಕ್ಷಣ 108ಕ್ಕೆ ಕರೆ ಮಾಡಬೇಕು. ಆಂಬುಲೆನ್ಸ್ ಬರುವವರೆಗೆ ಒಂದು ಮಗ್ಗುಲಿಗೆ ಮಲಗಿಸಿ, ಮೇಲಿನ ಮಂಡಿ ಮಡಚಿ, ಬಾಯಿ ಸ್ವಲ್ಪ ನೆಲದ ಕಡೆ ಇರುವಂತೆ ಇಡಬೇಕು. ಒಂದು ನಿಮಿಷವೂ ಒಂಟಿಯಾಗಿ ಬಿಡಬಾರದು.

ಗೀತಾ ಅಷ್ಟರಲ್ಲಿ ಗಟ್ಟಿ ಕಾಫಿ ಮಾಡಲು ಹೊರಟಿದ್ದರು. ಅಜ್ಜಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸೋಣ ಎಂದರು. ಎರಡೂ ಬೇಡ. ಮಂಪರಿನಲ್ಲಿರುವವರ ಬಾಯಿಗೆ ಏನು ಹಾಕಿದರೂ ಅದು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ, ವಾಂತಿ ಮಾಡಿಸಿದರೂ ಅದೇ ಅಪಾಯ. ಕಾಫಿ ಈ ಔಷಧವನ್ನು ರಕ್ತದಿಂದ ತೆಗೆಯುವುದಿಲ್ಲ. ತಣ್ಣೀರು ಸುರಿಯುವುದು, ಹಿಡಿದು ನಡೆದಾಡಿಸುವುದು ಸಿನಿಮಾದಲ್ಲಿ ಚೆನ್ನ. ನಿಜದಲ್ಲಿ ಬೀಳುವುದಕ್ಕೆ ದಾರಿ.

ನಿಧಿಯ ಉಸಿರು ನಿಮಿಷಕ್ಕೆ 14 ಇತ್ತು. ಕರೆದರೆ ಏಳುತ್ತಿದ್ದಳು, ಆದರೆ ಅಮ್ಮನನ್ನೇ "ಟೀಚರ್" ಎನ್ನುತ್ತಿದ್ದಳು. ತೀರಾ ಕೆಟ್ಟ ಸ್ಥಿತಿಯಲ್ಲ. ಆದರೂ ಮಟ್ಟ ಏರುವ ಹೊತ್ತು, ಜೊತೆಗೆ ಇನ್ನೊಂದು ಔಷಧ, ಹದಿನೈದರ ವಯಸ್ಸು. ಇಂಥಲ್ಲಿ ಮನೆಯಲ್ಲಿ ಕಾದು ನೋಡುವಂತಿಲ್ಲ. ಗೀತಾ ಕಾರು ತೆಗೆದರು, ಸುಮಾ ಹಿಂದಿನ ಸೀಟಿನಲ್ಲಿ ಮಗಳನ್ನು ಮಗ್ಗುಲಾಗಿಸಿ ಹಿಡಿದುಕೊಂಡರು.

ಆಸ್ಪತ್ರೆಯಲ್ಲಿ ಏನು ಮಾಡಿದರು

ತುರ್ತು ವಿಭಾಗದಲ್ಲಿ ದೊಡ್ಡ ಚಿಕಿತ್ಸೆಯೇನೂ ನಡೆಯಲಿಲ್ಲ, ಇದು ಸುಮಾಗೆ ಆಶ್ಚರ್ಯವೇ ಆಯಿತು. ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್ ಹಾಕಿದರು. ಬಿಪಿ, ನಾಡಿ ನೋಡಿದರು. ಪ್ರಜ್ಞೆಯ ಮಟ್ಟ ಅಳೆದು ಬರೆದುಕೊಂಡರು. ಬೆರಳು ಚುಚ್ಚಿ ಸಕ್ಕರೆ ನೋಡಿದರು, ಏಕೆಂದರೆ ಸಕ್ಕರೆ ಇಳಿದರೂ ಇದೇ ಥರ ಗೊಂದಲ, ತೊದಲು ಕಾಣಿಸುತ್ತದೆ. ಇಸಿಜಿ ಮಾಡಿದರು. ಎರಡೂ ಸ್ಟ್ರಿಪ್ ನೋಡಿ ಪ್ಯಾರಾಸಿಟಮಾಲ್ ಎಷ್ಟು ಹೋಗಿದೆ ಎಂದು ಕೇಳಿ ಖಚಿತ ಮಾಡಿಕೊಂಡರು. ಅದು ಹೆಚ್ಚಾದರೆ ಯಕೃತ್ತಿಗೆ ಪೆಟ್ಟು ಬೀಳುತ್ತದೆ, ಆದರೆ ಮೊದಲ ದಿನ ಹೊರಗೆ ಹೆಚ್ಚೇನೂ ಕಾಣುವುದಿಲ್ಲ.

"ಹೊಟ್ಟೆ ತೊಳೆಯಲ್ವಾ ಡಾಕ್ಟ್ರೇ?" ಎಂದು ಸುಮಾ ಕೇಳಿದರು. ಒಂದು ಮಾತ್ರೆಗೆ, ಅದೂ ಎರಡು ಗಂಟೆ ಕಳೆದ ಮೇಲೆ, ಅದರಿಂದ ಲಾಭಕ್ಕಿಂತ ಅಪಾಯವೇ ಹೆಚ್ಚು ಎಂದು ವೈದ್ಯೆ ವಿವರಿಸಿದರು. ಇದಕ್ಕೆ ಪ್ರತಿಯಾಗಿ ಕೆಲಸ ಮಾಡುವ ಫ್ಲೂಮಜೆನಿಲ್ ಎಂಬ ಚುಚ್ಚುಮದ್ದು ಇದೆ. ಆದರೆ ಅದು ಕೆಲವರಲ್ಲಿ ಫಿಟ್ಸ್ ತರಿಸಬಹುದಾದ್ದರಿಂದ ಎಲ್ಲರಿಗೂ ಕೊಡುವುದಿಲ್ಲ. ಉಸಿರು ಚೆನ್ನಾಗಿರುವಾಗ ಚಿಕಿತ್ಸೆ ಎಂದರೆ ಕಾಯುವುದು, ಕಾಯುತ್ತ ಎಣಿಸುತ್ತಿರುವುದು. ಜೊಲ್ಪಿಡೆಮ್ ಸುಮಾರು ಎರಡೂವರೆ ಗಂಟೆಗೊಮ್ಮೆ ರಕ್ತದಲ್ಲಿ ಅರ್ಧದಷ್ಟಾಗುತ್ತ ಹೋಗುತ್ತದೆ. ಬೆಳಗಾಗುವ ಹೊತ್ತಿಗೆ ನಿಧಿಯ ಮಾತು ತಿಳಿಯಾಯಿತು. ಎಂಟೂವರೆಗೆ ಮನೆಗೆ ಕಳಿಸುವಾಗ ಅಂದು ಪೂರ್ತಿ ಸೈಕಲ್ ಬೇಡ, ಮೆಟ್ಟಿಲು ಇಳಿಯುವಾಗ ಜೊತೆಗೆ ಯಾರಾದರೂ ಇರಲಿ ಎಂದು ಹೇಳಿದರು. ಇದೂ ಅತಿಯಾದ ಎಚ್ಚರಿಕೆಯಲ್ಲ. ರಾತ್ರಿ 10 ಮಿಲಿಗ್ರಾಂ ತೆಗೆದುಕೊಂಡು ಎಂಟು ಗಂಟೆ ಕಳೆದ ಮೇಲೂ ಸುಮಾರು ನೂರಕ್ಕೆ 15 ಹೆಂಗಸರ ರಕ್ತದಲ್ಲಿ ವಾಹನ ಓಡಿಸಲು ತೊಂದರೆಯಾಗುವಷ್ಟು ಔಷಧ ಉಳಿದಿರುತ್ತದೆ ಎಂದು ಕಂಡುಬಂದದ್ದರಿಂದಲೇ, 2013ರಲ್ಲಿ ಅಮೆರಿಕದಲ್ಲಿ ಹೆಂಗಸರ ಪ್ರಮಾಣವನ್ನು 10ರಿಂದ 5ಕ್ಕೆ ಇಳಿಸಿದರು.

"ನಾನು ಮಲಗಿದ್ದೆ ಅಷ್ಟೇ"

ಮನೆಗೆ ಬಂದ ಮೇಲೆ ಸುಮಾಗೆ ಹೆಚ್ಚು ನೋವಾದದ್ದು ಮಗಳು "ನಾನು ಅಡುಗೆಮನೆಗೆ ಹೋಗೇ ಇಲ್ಲ, ಮಲಗಿದ್ದೆ ಅಷ್ಟೇ" ಎಂದು ಹಟ ಹಿಡಿದಾಗ. ಇಷ್ಟಾದ ಮೇಲೂ ಸುಳ್ಳು ಹೇಳುತ್ತಾಳಲ್ಲ ಎನ್ನಿಸಿತು. ಆದರೆ ಅದು ಸುಳ್ಳಲ್ಲ. ಆ ಹೊತ್ತು ನೆನಪು ಬರೆದುಕೊಳ್ಳುವ ಭಾಗ ಕೆಲಸ ಮಾಡುತ್ತಿರಲಿಲ್ಲ. ಮರೆತದ್ದಾದರೆ ನೆನಪಿಸಬಹುದು, ಬರೆದೇ ಇಲ್ಲದ್ದನ್ನು ಓದಿಸಲಾಗುವುದಿಲ್ಲ. ಪದೇ ಪದೇ ಕೇಳಿದರೆ ಮಗು ಹೆದರುತ್ತದೆ, ಇಲ್ಲವೇ ಬೇಕಾದ ಉತ್ತರ ಕಟ್ಟಿ ಹೇಳುತ್ತದೆ. ಇನ್ನೂ ಒಂದು ಕಾರಣಕ್ಕೆ ಇದು ಮುಖ್ಯ. ಇಂಥ ಮಾತ್ರೆ ತೆಗೆದುಕೊಂಡ ಹುಡುಗಿ ಅಥವಾ ಹುಡುಗನಿಗೆ ಆ ಹೊತ್ತಿನಲ್ಲಿ ಯಾರಾದರೂ ಏನಾದರೂ ಮಾಡಿದ್ದರೂ ಅದನ್ನು ಹೇಳಲು ನೆನಪೇ ಇರುವುದಿಲ್ಲ.

ಆಸ್ಪತ್ರೆಯಲ್ಲಿ ನಿಧಿ ತಿಳಿಯಾದ ಮೇಲೆ ವೈದ್ಯೆ ಸುಮಾರನ್ನು ಹತ್ತು ನಿಮಿಷ ಹೊರಗೆ ಕೂರಲು ಹೇಳಿದ್ದರು. ಸುಮಾಗೆ ಆಗ ಅವಮಾನವಾದಂತಾಗಿತ್ತು. ಒಳಗೆ ವೈದ್ಯೆ ಕೇಳಿದ್ದು ನೇರ ಪ್ರಶ್ನೆ. ನಿದ್ದೆ ಬರಲೆಂದು ತಗೊಂಡೆಯಾ, ಅಥವಾ ಬದುಕು ಬೇಡ ಎನ್ನಿಸಿತ್ತಾ? ಮುಂಚೆ ಯಾವಾಗಲಾದರೂ ಹಾಗೆ ಅನ್ನಿಸಿದೆಯಾ? ಇಂಥ ಪ್ರಶ್ನೆ ಮಕ್ಕಳ ತಲೆಗೆ ಇಲ್ಲದ ಯೋಚನೆ ತುಂಬುತ್ತದೆ ಎಂಬುದು ತಪ್ಪು ನಂಬಿಕೆ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಇದ್ದರೆ ಹೊರಗೆ ಬರಲು ದಾರಿ ಸಿಗುತ್ತದೆ. ಹೆತ್ತವರ ಎದುರು ಬಾರದ ಉತ್ತರ ಒಂಟಿಯಾಗಿ ಕೇಳಿದಾಗ ಬರಬಹುದು, ಅದಕ್ಕೇ ಹೊರಗೆ ಕೂರಿಸುವುದು. ನಿಧಿಯ ಉತ್ತರ ನಿದ್ದೆಗಾಗಿ ಎಂಬುದೇ ಆಗಿತ್ತು. ಬೇರೆ ಉತ್ತರ ಬಂದಿದ್ದರೆ ಒಂದೇ ಮಾತ್ರೆ ತಾನೆ ಎಂದು ಮನೆಗೆ ಕಳಿಸುತ್ತಿರಲಿಲ್ಲ. ಅಂಥ ಮಾತು ಮನೆಯಲ್ಲಿ ಬಂದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ದಿನದ 24 ಗಂಟೆಯೂ ಮಾತಾಡಲು ಜನರಿದ್ದಾರೆ, ಕನ್ನಡದಲ್ಲಿಯೂ.

ಒಂದು ತಿಂಗಳಿಂದ ಹನ್ನೆರಡೂವರೆಗೆ ಮೊದಲು ನಿದ್ದೆಯೇ ಬರುತ್ತಿಲ್ಲ ಎಂಬುದನ್ನೂ ನಿಧಿ ವೈದ್ಯೆಗೆ ಹೇಳಿದ್ದಳು, ಅಮ್ಮನಿಗೆ ಹೇಳಿರಲಿಲ್ಲ. ಹದಿಹರೆಯದಲ್ಲಿ ದೇಹದ ಗಡಿಯಾರವೇ ಒಂದೆರಡು ಗಂಟೆ ತಡವಾಗಿ ನಡೆಯುತ್ತದೆ. ಹತ್ತಕ್ಕೆ ಮಲಗು ಎಂದರೆ ನಿದ್ದೆ ಬರುವುದಿಲ್ಲ, ಐದಕ್ಕೆ ಏಳು ಎಂದರೆ ನಿದ್ದೆ ಸಾಲುವುದಿಲ್ಲ. ಅದರ ಮೇಲೆ ರಾತ್ರಿ ಒಂಬತ್ತೂವರೆಯ ಟೀ. ಕೆಫೀನ್ ಅರ್ಧ ಇಳಿಯಲು ಸುಮಾರು ಐದು ಗಂಟೆ ಬೇಕಾಗುವುದರಿಂದ, ಆ ಟೀ ಮಧ್ಯರಾತ್ರಿಯಲ್ಲೂ ತನ್ನ ಕೆಲಸ ಮಾಡುತ್ತಿತ್ತು. ವೈದ್ಯೆ ಬರೆದುಕೊಟ್ಟದ್ದು ಔಷಧವಲ್ಲ. ಸಂಜೆ ನಾಲ್ಕರ ನಂತರ ಟೀ ಬೇಡ, ಬೆಳಗಿನ ಐದರ ಓದನ್ನು ಆರೂವರೆಗೆ ತಳ್ಳಿ, ಎದ್ದ ಮೇಲೆ ಅರ್ಧ ಗಂಟೆ ಬಿಸಿಲಿನಲ್ಲಿ ಕೂತು ಓದಲಿ ಎಂದು.

ಡಬ್ಬಿಗಳ ವಿಷಯ

ಭಾರತದಲ್ಲಿ ಜೊಲ್ಪಿಡೆಮ್, ಅಲ್ಪ್ರಾಜೋಲಾಮ್, ಡಯಾಜಿಪಾಮ್‌ಗಳು ಔಷಧ ನಿಯಮಗಳ ಎಚ್1 ಪಟ್ಟಿಯಲ್ಲಿವೆ. 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಈ ನಿಯಮದಂತೆ ಅಂಗಡಿಯವರು ಚೀಟಿ ಇಲ್ಲದೆ ಇವನ್ನು ಕೊಡುವಂತಿಲ್ಲ. ಕೊಟ್ಟಾಗ ವೈದ್ಯರ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟರು ಎಂಬುದನ್ನು ಬೇರೆಯೇ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಅಂಗಡಿಯಲ್ಲಿ ಇಷ್ಟು ಲೆಕ್ಕ ಇಡುವ ಮಾತ್ರೆ ಮನೆಗೆ ಬಂದ ಮೇಲೆ ದೇವರ ಮನೆಯ ಗೂಡಿನಲ್ಲೋ, ಫ್ರಿಜ್ಜಿನ ಮೇಲಿನ ಬಿಸ್ಕತ್ ಡಬ್ಬಿಯಲ್ಲೋ ಲೆಕ್ಕವಿಲ್ಲದೆ ಇರುತ್ತದೆ. ಗುರುತಿಸುವುದು ಸುಲಭ. ಸ್ಟ್ರಿಪ್ಪಿನ ಹಿಂಬದಿಯಲ್ಲಿ ಕೆಂಪು ಅಕ್ಷರದ ಆರ್‌ಎಕ್ಸ್ ಗುರುತು, ಪಕ್ಕದಲ್ಲಿ ಕೆಂಪು ಚೌಕಟ್ಟಿನೊಳಗೆ ಎಚ್ಚರಿಕೆ ಇರುತ್ತದೆ. ಅದೇ ಪಟ್ಟಿಯಲ್ಲಿ ಕೆಲವು ಆಂಟಿಬಯೋಟಿಕ್‌ಗಳೂ ಇರುವುದರಿಂದ ಎಲ್ಲವೂ ನಿದ್ದೆ ಮಾತ್ರೆಯಲ್ಲ. ಆದರೆ ಅವುಗಳಲ್ಲಿ ಯಾವುದೂ ಒಬ್ಬರಿಗೆ ಬರೆದದ್ದನ್ನು ಇನ್ನೊಬ್ಬರು ತೆಗೆದುಕೊಳ್ಳುವಂಥದ್ದಲ್ಲ.

ಗೀತಾ ಮರುದಿನವೇ ಅತ್ತೆಯ ಡಬ್ಬಿಯನ್ನು ಬೀರುವಿಗೆ ಸೇರಿಸಿ ಬೀಗ ಹಾಕಿದರು. ರಾತ್ರಿ ಮಲಗುವ ಮುಂಚೆ ಅರ್ಧ ಮಾತ್ರೆಯನ್ನು ತಾವೇ ಕೊಡುತ್ತಾರೆ, ಉಳಿದ ಹೋಳನ್ನು ಸ್ಟ್ರಿಪ್ಪಿನ ಜೊತೆಗೇ ಒಂದು ಸಣ್ಣ ಕರಡಿಗೆಯಲ್ಲಿಟ್ಟು, ಎಷ್ಟು ಉಳಿದಿದೆ ಎಂದು ಡಬ್ಬಿಯ ಮುಚ್ಚಳದ ಮೇಲೆ ಪೆನ್ಸಿಲ್ಲಿನಲ್ಲಿ ಬರೆದಿಡುತ್ತಾರೆ. ಸುಮಾ ತಮ್ಮ ಮನೆಯ ಡಬ್ಬಿ ತೆಗೆದಾಗ, ಮೂರು ವರ್ಷದ ಹಿಂದೆ ತೀರಿಕೊಂಡ ಮಾವನವರ ಅಲ್ಪ್ರಾಜೋಲಾಮ್‌ನ ಅರ್ಧ ಸ್ಟ್ರಿಪ್ ತಳದಲ್ಲಿ ಸಿಕ್ಕಿತು. ಆರು ಮಾತ್ರೆ ಉಳಿದಿದ್ದವು. ಅದರಲ್ಲಿ ಎಷ್ಟು ಇರಬೇಕಿತ್ತು ಎಂದು ಹೇಳುವವರು ಮನೆಯಲ್ಲಿ ಯಾರೂ ಇರಲಿಲ್ಲ.